ಬ್ರೇಕ್ ಮೇಷ್ಟ್ರಿಗೆ ಬಂದ ಮೊದಲ ಸಂದೇಶ

ಕೆಲಸ ಹೋಗಿ ತಿಂಗಳುಗಳೇ ಕಳೆದಿದ್ದರೂ ಬ್ರೇಕ್ ಮೇಷ್ಟ್ರು ಲಿಂಕ್ಡ್‌ಇನ್‌ನಲ್ಲಿ ಮಾತ್ರ ಇನ್ನೂ ಕೆಲಸದಲ್ಲೇ ಇದ್ದರು. ಅಲ್ಲಿ ಅವರ ಫೋಟೊದ ಕೆಳಗೆ ಲಿಫ್ಟ್ ಕಂಪನಿಯ ಹೆಸರು, ಸುರಕ್ಷತಾ ಪರೀಕ್ಷೆಯ ಹಿರಿಯ ಮ್ಯಾನೇಜರ್ ಎಂಬ ಹುದ್ದೆ, ಸೇರಿದ ವರ್ಷ, ಅದರ ಪಕ್ಕದಲ್ಲಿ ‘ಇಂದಿನವರೆಗೆ’ ಎಂಬ ಮಾತು. ಆ ಮಾತನ್ನು ತೆಗೆದು ಕೆಲಸ ಬಿಟ್ಟ ತಿಂಗಳನ್ನು ಹಾಕಲು ಒಂದು ನಿಮಿಷ ಸಾಕು. ಆದರೆ ಆ ಒಂದು ನಿಮಿಷ ಮಾತ್ರ ಅವರಿಗೆ ಇಡೀ ದಿನ ಪುರುಸೊತ್ತಿದ್ದರೂ ಸಿಕ್ಕಿರಲಿಲ್ಲ.

ಮೇಷ್ಟ್ರು ಅಂದರೆ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಲಿಫ್ಟಿಗೆ ಹೊರುವ ಮಿತಿಗಿಂತ ಹೆಚ್ಚಿನ ಭಾರ ತುಂಬಿ, ಕೆಳಗೆ ಇಳಿಯುತ್ತಿರುವಾಗಲೇ ಕರೆಂಟು ತೆಗೆದು, ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡುವ ಪರೀಕ್ಷೆಯೊಂದಿದೆ. ಕಂಪನಿಗೆ ಸೇರಿದ ಹುಡುಗರಿಗೆಲ್ಲ ಅದನ್ನು ಕಲಿಸಿದವರು ಇವರೇ. ಹುಡುಗರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಎದುರಿಗೆ ಸರ್, ಹಿಂದಿನಿಂದ ಮೇಷ್ಟ್ರು. ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಕೊನೆಗೆ ಕಂಪನಿಯವರು ಎರಡು ವಿಭಾಗ ಸೇರಿಸಿ ಒಂದು ಮಾಡಿದಾಗ ಕುರ್ಚಿ ಒಂದೇ ಉಳಿಯಿತು. ಅದರ ಮೇಲೆ ಪಕ್ಕದ ಟೇಬಲ್ಲಿನ ಕನ್ನಡಕದ ಗೆಳೆಯ ಕೂತ. ಮೇಷ್ಟ್ರಿಗೆ ಹೂಗುಚ್ಛ ಕೊಟ್ಟು, ಒಂದು ಗುಂಪು ಫೋಟೊ ತೆಗೆದು, ಕತ್ತಿಗೆ ತೂಗುಬಿಟ್ಟಿದ್ದ ಗುರುತಿನ ಚೀಟಿ ಇಸಿದುಕೊಂಡು ಕಳಿಸಿಕೊಟ್ಟರು.

“ರೀ, ನೀವು ಇನ್ನೂ ಅಲ್ಲೇ ಇದೀರಿ ಅಂತ ಹಾಕ್ಕೊಂಡಿದೀರಲ್ಲ, ಸಂಬಳನೂ ಹಾಕ್ತಾರಾ ಅಂತ ಒಂದ್ಸಲ ಕೇಳಿ ನೋಡಿ,” ಎಂದು ಹೆಂಡತಿ ಆಗಾಗ ಕಾಲೆಳೆಯುತ್ತಿದ್ದಳು. ಅವಳು ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಅವಧಿ ಮುಗಿದ ಸರಕನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವವರನ್ನು ಕಂಡರೆ ಅವಳಿಗಾಗದು.

“ಕೆಲಸ ಇಲ್ಲದವನಿಗೆ ಯಾರೂ ಕೆಲಸ ಕೊಡಲ್ಲ ಕಣೆ. ಕೆಲಸದಲ್ಲಿ ಇರೋನಿಗೇ ಕೊಡೋದು.”

“ಅದು ಸರಿ. ಆದ್ರೆ ಅಲ್ಲಿಗೆ ಫೋನ್ ಮಾಡಿ ವಿಚಾರಿಸಿದ್ರೆ?”

ಉತ್ತರವಿಲ್ಲದಾಗ ಗಂಡಸರು ಮಾಡುವಂತೆ ಮೇಷ್ಟ್ರು ಹೋಗಿ ಗಿಡಕ್ಕೆ ನೀರು ಹಾಕಿದರು. ಆ ತಿಂಗಳುಗಳಲ್ಲಿ ಬಾಲ್ಕನಿಯ ಎರಡು ಕುಂಡ ನೀರು ಕುಡಿದೇ ಸತ್ತುಹೋದವು.

ಹಾಗೆಂದು ಅವರು ಸುಮ್ಮನೆ ಕೂತಿದ್ದರು ಎನ್ನುವಂತಿಲ್ಲ. ತಾವು ಓದಿದ ಎಂಜಿನಿಯರಿಂಗ್ ಕಾಲೇಜಿನ ಪುಟ ತೆರೆದು, ಅಲ್ಲಿ ಓದಿ ಹೊರಬಂದವರ ಪಟ್ಟಿಯಲ್ಲಿ ಯಾರು ಯಾವ ಕಂಪನಿಯಲ್ಲಿದ್ದಾರೆ ಎಂದು ಹುಡುಕಿ ಸಂಪರ್ಕ ಕೋರಿಕೆ ಕಳಿಸುತ್ತಿದ್ದರು. ಅವರು ಒಪ್ಪಿದ ಕೂಡಲೇ ಒಂದು ಉದ್ದನೆಯ ಸಂದೇಶ. ತಮ್ಮ ಅನುಭವ, ತಾವು ಪಡೆದ ಪ್ರಶಸ್ತಿ, ತಾವು ತರಬೇತಿ ಕೊಟ್ಟವರ ಸಂಖ್ಯೆ, ಕೊನೆಗೆ ಬಯೋಡೇಟ ಲಗತ್ತಿಸಿ ‘ಸೂಕ್ತ ಅವಕಾಶವಿದ್ದರೆ ದಯವಿಟ್ಟು ಗಮನಿಸಿ’. ಪರಿಚಯವೇ ಇಲ್ಲದವನ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಹಾಸಿಗೆ ಬಿಚ್ಚಿದ ಹಾಗೆ. ಸಂದೇಶದ ಕೆಳಗೆ ಅವರವರ ಪುಟ್ಟ ಫೋಟೊ ಬಂದು ಕೂರುತ್ತಿತ್ತು, ಅಂದರೆ ಓದಿದ್ದಾರೆ. ಅಷ್ಟೇ. ಒಬ್ಬರಾದರೂ ‘ಆಗಲಿ’ ಎಂದಿರಲಿಲ್ಲ, ‘ಆಗಲ್ಲ’ ಎಂದೂ ಇರಲಿಲ್ಲ.

ಇಂಥದ್ದರಲ್ಲಿ ಒಂದು ಮಧ್ಯಾಹ್ನ ಅವರಿಗೇ ಒಂದು ಕೋರಿಕೆ ಬಂತು. ಅದೇ ಕಾಲೇಜಿನಲ್ಲಿ ಅವರಿಗಿಂತ ಎಷ್ಟೋ ವರ್ಷ ನಂತರ ಓದಿದ ಹುಡುಗಿ. ಸಣ್ಣ ಲಿಫ್ಟ್ ಸರ್ವಿಸ್ ಸಂಸ್ಥೆಯೊಂದರಲ್ಲಿ ದುರಸ್ತಿ ಎಂಜಿನಿಯರ್. ಕೋರಿಕೆಯ ಜೊತೆಗಿನ ಟಿಪ್ಪಣಿಯಲ್ಲಿ ಎರಡೇ ಸಾಲು: ನಾನೂ ನಿಮ್ಮ ಕಾಲೇಜಿನವಳೇ, ಲಿಫ್ಟ್ ಸುರಕ್ಷತೆಯಲ್ಲಿ ಆಸಕ್ತಿ ಇರುವುದರಿಂದ ನಿಮ್ಮ ಸಂಪರ್ಕದಲ್ಲಿ ಇರಬಯಸುತ್ತೇನೆ. ಮೇಷ್ಟ್ರು ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ತಮ್ಮನ್ನು ಯಾರೋ ಹುಡುಕಿಕೊಂಡು ಬಂದು ಎಷ್ಟು ದಿನವಾಗಿತ್ತೋ.

ಮಾರನೆಯ ದಿನ ಅವಳ ಮೊದಲ ಸಂದೇಶ ಬಂತು.

‘ನಮಸ್ಕಾರ ಸರ್. ಕೋರಿಕೆ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಮೂರನೇ ಲೇತು ಯಾವತ್ತೂ ನೆಟ್ಟಗೆ ಓಡಿದ್ದಿಲ್ಲ. ಅದರ ಮೇಲೆ ಕೆಲಸ ಕಲಿತವರಿಗೆ ಬೇರೆ ಯಾವ ಮೆಷೀನೂ ಹೆದರಿಕೆ ಹುಟ್ಟಿಸುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಾನು ಈಗ ಕೆಟ್ಟ ಲಿಫ್ಟುಗಳನ್ನು ರಿಪೇರಿ ಮಾಡುತ್ತೇನೆ. ಅವು ಕೆಡದಂತೆ ಮೊದಲೇ ಪರೀಕ್ಷಿಸುವ ಕೆಲಸ ಹೇಗಿರುತ್ತದೆ ಎಂದು ತಿಳಿಯುವ ಆಸೆ. ನಿಮ್ಮ ವಿಭಾಗದಲ್ಲಿ ಪರೀಕ್ಷಾ ಎಂಜಿನಿಯರ್ ಹುದ್ದೆಯ ಜಾಹೀರಾತು ನೋಡಿದೆ. ಅರ್ಜಿ ಹಾಕುವ ಮೊದಲು, ಆ ಕೆಲಸ ನನ್ನಂಥವಳಿಗೆ ಹೊಂದುತ್ತದೆಯೇ ಎಂದು ನಿಮ್ಮನ್ನು ಹದಿನೈದು ನಿಮಿಷ ಕೇಳಬಹುದೇ? ಬಿಡುವಿಲ್ಲದಿದ್ದರೆ ಖಂಡಿತ ಅರ್ಥವಾಗುತ್ತದೆ.’

ಬಯೋಡೇಟ ಲಗತ್ತಿಸಿರಲಿಲ್ಲ. ಕೆಲಸ ಕೊಡಿಸಿ ಎಂದಿರಲಿಲ್ಲ. ಮೇಷ್ಟ್ರು ಎರಡು ಸಲ ಓದಿದರು. ಇಷ್ಟು ಚಿಕ್ಕದಾಗಿ, ಇಷ್ಟು ಬೆಚ್ಚಗೆ, ಇಷ್ಟು ಗೌರವದಿಂದ ಒಬ್ಬ ಅಪರಿಚಿತರ ಬಾಗಿಲು ತಟ್ಟಬಹುದೇ ಎಂದು ಅವರಿಗೆ ಆಶ್ಚರ್ಯವಾಯಿತು. ತಾವು ಕಳಿಸಿದ ಉದ್ದುದ್ದ ಸಂದೇಶಗಳು ನೆನಪಾಗಿ ಕಿವಿ ಬಿಸಿಯಾಯಿತು.

ಆಗಲೇ ‘ಅಮ್ಮಾ, ನಾನೀಗ ಅಲ್ಲಿಲ್ಲ’ ಎಂದು ಬರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬೆರಳು ಅಷ್ಟನ್ನು ಒತ್ತಿಯೂ ಇತ್ತು. ಅಳಿಸಿ, ‘ಖಂಡಿತ, ನಾಳೆ ಊಟದ ಬಿಡುವಿನಲ್ಲಿ ಫೋನ್ ಮಾಡಿ’ ಎಂದು ಬರೆದರು. ಊಟದ ಬಿಡುವಂತೆ! ಬೆಳಗಿನಿಂದ ಸಂಜೆಯವರೆಗೆ ಬಿಡುವೇ ಬಿಡುವು ಇದ್ದ ಮನುಷ್ಯ.

ಫೋನಿನಲ್ಲಿ ಹುಡುಗಿಯ ದನಿ ತೆಳ್ಳಗಿತ್ತು, ಪ್ರಶ್ನೆಗಳು ಮಾತ್ರ ಗಟ್ಟಿಯಾಗಿದ್ದವು. ಪರೀಕ್ಷೆಯ ದಿನ ಎಷ್ಟು ಹೊತ್ತು ಮೆಷೀನ್ ಕೋಣೆಯಲ್ಲಿ ಇರಬೇಕು, ಬ್ರೇಕಿನ ಲೈನಿಂಗ್ ಸವೆದದ್ದು ಮೊದಲು ಶಬ್ದದಲ್ಲಿ ಗೊತ್ತಾಗುತ್ತದೋ ಅಳತೆಯಲ್ಲೋ, ಕಟ್ಟಡದ ಮಾಲೀಕ ‘ಬೇಗ ಪಾಸ್ ಮಾಡ್ರೀ’ ಎಂದು ಒತ್ತಡ ತಂದರೆ ಏನು ಮಾಡುತ್ತೀರಿ. ಮೇಷ್ಟ್ರು ಅರಳಿಬಿಟ್ಟರು. ಹದಿನೈದು ನಿಮಿಷ ಎಂದದ್ದು ಮೂರು ಪಟ್ಟಾಯಿತು. ನಮ್ಮ ವಿಭಾಗ, ನಮ್ಮ ಹುಡುಗರು, ನಿನ್ನೆ ತಾನೆ ನಾವೊಂದು ಪರೀಕ್ಷೆ ಮಾಡಿದೆವು ಎಂದೆಲ್ಲ ಹೇಳಿದರು. ಊಟಕ್ಕೆಂದು ಅಂಗಡಿಯಿಂದ ಬಂದು ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಇವರತ್ತ ನೋಡಿದಳು.

“ಸರ್, ತುಂಬಾ ಸಹಾಯ ಆಯ್ತು. ಇವತ್ತೇ ಅರ್ಜಿ ಹಾಕ್ತೀನಿ,” ಎಂದಳು ಹುಡುಗಿ.

ಅಲ್ಲಿಗೆ ಬಿಡಬಹುದಿತ್ತು. ಅವಳು ಅದಕ್ಕಿಂತ ಹೆಚ್ಚೇನೂ ಕೇಳಿರಲಿಲ್ಲ. ಆದರೆ ಮೇಷ್ಟ್ರು ಏರಿದ ಎತ್ತರದಿಂದ ಇಳಿಯಲು ಸಿದ್ಧರಿರಲಿಲ್ಲ.

“ನೋಡಮ್ಮ, ನೀನೇ ಹಾಕ್ಬೇಡ. ಒಳಗಿನವರು ಶಿಫಾರಸು ಮಾಡಿದ್ರೆ ಅರ್ಜಿಗೆ ತೂಕ ಬೇರೆ. ಆದ್ರೆ ನೀನು ಮೊದಲೇ ಹಾಕಿಬಿಟ್ಟಿದ್ರೆ ನಮ್ಮ ಶಿಫಾರಸನ್ನ ಕಂಪ್ಯೂಟರ್ ತಗೊಳ್ಳೋದೇ ಇಲ್ಲ. ನಾನೇ ಹಾಕ್ತೀನಿ, ನಿನ್ನ ಮೇಲ್‌ಗೆ ಲಿಂಕ್ ಬರುತ್ತೆ, ಆಗ ಭರ್ತಿ ಮಾಡು.”

ಹೇಳಿದ ನಿಯಮ ನೂರಕ್ಕೆ ನೂರು ನಿಜ. ಹೇಳಿದವರಿಗೆ ಮಾತ್ರ ಕಂಪನಿಯ ಕಂಪ್ಯೂಟರು ಬಾಗಿಲು ಹಾಕಿ ತಿಂಗಳುಗಳಾಗಿದ್ದವು.

“ಸರ್, ನಾನು ಕೇಳಬಾರ್ದು ಅಂತ ಸುಮ್ಮನಿದ್ದೆ. ನೀವಾಗೇ ಹೇಳಿದ್ರಿ,” ಎಂದ ಹುಡುಗಿಯ ದನಿ ಸಂತೋಷಕ್ಕೆ ಒಡೆದಿತ್ತು. ಬಯೋಡೇಟ ಆಮೇಲೆ ಕಳಿಸಿದಳು, ಅದೂ ಇವರು ಕೇಳಿದ ಮೇಲೆ.

ಫೋನಿಟ್ಟ ಮೇಲೆ ಹೆಂಡತಿ ಒಂದೇ ಮಾತು ಕೇಳಿದಳು. “ಹೇಗೆ ಹಾಕ್ತೀರಿ?”

“ಅವನಿದಾನಲ್ಲ, ಕನ್ನಡಕ. ಅವನಿಗೆ ಹೇಳಿದ್ರೆ ಹಾಕ್ತಾನೆ.”

“ಹಾಗಿದ್ರೆ ಈಗಲೇ ಹೇಳಿ.”

ಹೇಳಬೇಕಿತ್ತು. ಕನ್ನಡಕದ ಗೆಳೆಯ ಕೆಟ್ಟವನಲ್ಲ. ಫೋನ್ ಮಾಡಿದ್ದರೆ ಸಂಜೆಯೊಳಗೆ ಕೆಲಸ ಮುಗಿಸುತ್ತಿದ್ದ. ಆದರೆ ತನ್ನ ಕುರ್ಚಿಯಲ್ಲಿ ಕೂತವನಿಗೆ ತಾನು ಫೋನ್ ಮಾಡಿ ‘ಒಂದು ಉಪಕಾರ ಆಗಬೇಕಿತ್ತಪ್ಪ’ ಎನ್ನುವುದೇ? ಅವನು ‘ಹೇಗಿದೀಯ? ಎಲ್ಲಾದ್ರೂ ಆಯ್ತಾ?’ ಎಂದು ಕೇಳುವುದೇ? ನಾಳೆ ನೋಡೋಣ ಎಂದುಕೊಂಡರು. ಆ ನಾಳೆ ಮರುದಿನವೂ ನಾಳೆಯೇ ಆಗಿತ್ತು.

ಅದೇ ಹೊತ್ತಿನಲ್ಲಿ ಅವರು ಇನ್ನೊಂದು ಕೆಲಸವನ್ನು ಮಾತ್ರ ಚಕಚಕನೆ ಮಾಡಿ ಮುಗಿಸಿದರು. ಕ್ರೇನ್ ತಯಾರಿಸುವ ದೊಡ್ಡ ಕಂಪನಿಯೊಂದರ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು. ಅಲ್ಲಿ ತರಬೇತಿ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಅಲ್ಲಿನ ಪರೀಕ್ಷಾ ವಿಭಾಗದ ನಿರ್ದೇಶಕಿ ಅದೇ ಕಾಲೇಜಿನವರು, ಇವರಿಗಿಂತ ಕೆಲವು ವರ್ಷ ಕಿರಿಯರು. ಕೋರಿಕೆ ಒಪ್ಪಿದ್ದರು. ಮೊದಲ ಸಂದೇಶ ಬರೆಯುವುದು ಬಾಕಿಯಿತ್ತು, ಮತ್ತೆ ಉದ್ದ ಬರೆದು ಕೆಡಿಸಿಬಿಟ್ಟೇನು ಎಂದು ಮೇಷ್ಟ್ರು ಕೈ ಬಿಗಿಹಿಡಿದಿದ್ದರು. ಈಗ ಹುಡುಗಿಯ ಸಂದೇಶ ಒಂದು ಕಡೆ ತೆರೆದಿಟ್ಟುಕೊಂಡು ಬರೆಯಲು ಕೂತರು.

ಅವಳ ಧಾಟಿಯನ್ನಷ್ಟೇ ತೆಗೆದುಕೊಳ್ಳೋಣ ಎಂಬುದು ಅವರ ಉದ್ದೇಶ. ಹಾಗಂತ ಅವರೇ ತಮಗೆ ಹೇಳಿಕೊಂಡರು. ಎರಡು ಸಾಲು ತಮ್ಮದೇ ಬರೆದರು. ಸಪ್ಪೆ. ಅಳಿಸಿದರು. ಮತ್ತೆ ಬರೆದರು, ಮತ್ತೂ ಸಪ್ಪೆ. ಕೊನೆಗೆ ‘ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಮೂರನೇ ಲೇತು ಯಾವತ್ತೂ ನೆಟ್ಟಗೆ ಓಡಿದ್ದಿಲ್ಲ’ ಎಂಬಲ್ಲಿಂದ ‘ಹೆದರಿಕೆ ಹುಟ್ಟಿಸುವುದಿಲ್ಲ’ ಎಂಬಲ್ಲಿಯವರೆಗೆ ಎತ್ತಿ ತಂದು ಇಲ್ಲಿಟ್ಟರು. ಕೂದಲು ಕೊಂಕದಂತೆ, ಇದ್ದದ್ದು ಇದ್ದ ಹಾಗೆ. ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಮೂರನೇ ಲೇತು ಯಾವ ಮೂಲೆಯಲ್ಲಿತ್ತು ಎಂಬುದೂ ಗೊತ್ತಿರಲಿಲ್ಲ. ವರ್ಕ್‌ಶಾಪಿನ ದಿನಗಳಲ್ಲಿ ಅವರು ಕ್ಯಾಂಟೀನಿನಲ್ಲಿ ಇರುತ್ತಿದ್ದರು, ಅವರ ಪಾಲಿನ ಕಬ್ಬಿಣದ ತುಂಡನ್ನು ಗೆಳೆಯನೊಬ್ಬ ಲೇತಿನಲ್ಲಿ ಕಡೆದು ಕೊಡುತ್ತಿದ್ದ.

ಕಳಿಸುವ ಗುಂಡಿ ಒತ್ತಿದ ಮೇಲೆ ಒಂದು ಗಳಿಗೆ ಎದೆಯೊಳಗೆ ಏನೋ ಚುಚ್ಚಿತು. ಒಂದು ಸಾಲಿಗೇನು ಮಹಾ, ಯಾರಪ್ಪನ ಆಸ್ತಿ ಎಂದು ಸಮಾಧಾನ ಹೇಳಿಕೊಂಡರು.

ಕ್ರೇನ್ ಮೇಡಂ ಉತ್ತರಿಸಿದರು! ಅದೂ ನಗುವ ಮುಖದ ಚಿತ್ರದೊಂದಿಗೆ. ‘ಅಯ್ಯೋ, ಆ ಮೂರನೇ ಲೇತು! ನಾನು ಕಡೆಯಲು ಇಟ್ಟ ಎರಡು ತುಂಡು ಹಾಳು ಮಾಡಿತ್ತು ಅದು. ಇಷ್ಟು ವರ್ಷದಲ್ಲಿ ಅದರ ಸುದ್ದಿ ಎತ್ತಿದವರು ನೀವೇ ಮೊದಲು. ಮುಂದಿನ ವಾರ ಆಫೀಸಿಗೆ ಬನ್ನಿ, ಕಾಫಿ ಕುಡಿಯೋಣ.’ ಮೇಷ್ಟ್ರು ಕೂತಲ್ಲೇ ಕೂರಲಾರದೆ ಮನೆಯೆಲ್ಲ ಓಡಾಡಿದರು. ಹೆಂಡತಿ ಬಂದಾಗ ತೋರಿಸಿದರು. ಅವಳೂ ಹಿಗ್ಗಿದಳು, ಇಸ್ತ್ರಿಗೆ ಕೊಡಲು ಅವರ ನೀಲಿ ಅಂಗಿ ತೆಗೆದಿಟ್ಟಳು. ಆ ಸಾಲು ಯಾರದೆಂದು ಮಾತ್ರ ಮೇಷ್ಟ್ರು ಅವಳಿಗೆ ಹೇಳಲಿಲ್ಲ.

ಆ ಸಂಭ್ರಮದಲ್ಲಿ ಹುಡುಗಿ ಮರೆತೇಹೋದಳು. ಮರೆತರು ಎಂದರೆ ಸುಳ್ಳಾಗುತ್ತದೆ. ನೆನಪು ಬಂದಾಗಲೆಲ್ಲ ಮುಖ ತಿರುಗಿಸಿಕೊಂಡರು.

ಮೇಡಂ ಕರೆದಿದ್ದ ದಿನಕ್ಕೆ ಸ್ವಲ್ಪ ಮೊದಲು ಹುಡುಗಿಯ ಸಂದೇಶ ಬಂತು. ‘ಸರ್, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ನನ್ನ ಮೇಲ್‌ಗೆ ಲಿಂಕ್ ಬಂದಿರಲಿಲ್ಲ. ಇವತ್ತು ನೋಡಿದರೆ ಆ ಹುದ್ದೆಗೆ ಇನ್ನು ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ತೋರಿಸುತ್ತಿದೆ. ನಿಮಗೆ ಕೆಲಸದ ಒತ್ತಡ ಇರುತ್ತದೆ, ನಾನೇ ಒಮ್ಮೆ ನೆನಪಿಸಬೇಕಿತ್ತು. ತಪ್ಪು ನನ್ನದೇ. ನೀವು ಕೊಟ್ಟ ಸಮಯಕ್ಕೆ ಯಾವಾಗಲೂ ಋಣಿ.’

ತಪ್ಪು ನನ್ನದೇ ಅಂತೆ. ಮೇಷ್ಟ್ರಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಬೈಗುಳಕ್ಕೆ ಎದುರಾಡಬಹುದು, ಕ್ಷಮೆಗೆ ಏನೆಂದು ಎದುರಾಡುವುದು? ಅವಳು ತಾನಾಗಿಯೇ ಹಾಕಿಕೊಳ್ಳಲಿದ್ದ ಅರ್ಜಿಯನ್ನು ಕೈಹಿಡಿದು ತಡೆದವರು ಇವರು. ತಡೆಯದಿದ್ದರೆ ಅವಳ ಹೆಸರು ಇಷ್ಟು ಹೊತ್ತಿಗೆ ಕನ್ನಡಕದ ಗೆಳೆಯನ ಟೇಬಲ್ಲಿನ ಮೇಲಿರುತ್ತಿತ್ತು. ಆಗಲೂ ನಿಜ ಬರೆಯಲು ಹೊತ್ತಿತ್ತು. ಅವರು ಬರೆದದ್ದು: ‘ಒಳಗೆ ಕೆಲವು ಬದಲಾವಣೆ ನಡೆಯುತ್ತಿದೆ, ಹಾಗಾಗಿ ತಡವಾಯಿತು. ಧೈರ್ಯಗೆಡಬೇಡ. ಬೇರೆ ಕಂಪನಿಗಳಲ್ಲಿರುವ ನಮ್ಮ ಕಾಲೇಜಿನವರಿಗೂ ಬರೆ.’ ಬುದ್ಧಿವಾದ ಬೇರೆ.

ಹುಡುಗಿ ವಿಧೇಯಳು. ಹೇಳಿದ ಹಾಗೇ ಬರೆದಳು.

ಕ್ರೇನ್ ಮೇಡಂ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು. ಗಾಜಿನಾಚೆ ಕೆಳಗಡೆ ಪರೀಕ್ಷಾ ಅಂಗಳ, ಅಲ್ಲಿ ಹಳದಿ ಕ್ರೇನೊಂದು ಕಾಂಕ್ರೀಟು ದಿಮ್ಮಿಯನ್ನು ಎತ್ತಿ ಹಿಡಿದು ನಿಂತಿತ್ತು. ಮೇಡಂ ತುಂಬಿದ ಮೈಯ, ಗಟ್ಟಿ ನಗುವಿನ ಹೆಂಗಸು. ಕಾಫಿ ತರಿಸಿದರು. ಕಾಲೇಜಿನ ಸುದ್ದಿ ಆಯಿತು, ಲೇತಿನ ಸುದ್ದಿ ಬಂದಾಗ ಮೇಷ್ಟ್ರು ನಕ್ಕು ತಲೆಯಾಡಿಸಿ ದಾಟಿಸಿದರು. ತರಬೇತಿಯ ಮಾತು ಬಂದಾಗ ಮಾತ್ರ ಅವರು ನಿಜಕ್ಕೂ ಮಾತಾಡಿದರು. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು.

“ನಿಮ್ಮಂಥವರೇ ಬೇಕಾಗಿದ್ದು ನಮಗೆ. ಅಲ್ಲ, ಅಲ್ಲಿ ಚೆನ್ನಾಗಿದೀರಲ್ಲ, ಬಿಟ್ಟು ಬರ್ತೀರಾ?”

“ಬದಲಾವಣೆ ಬೇಕು ಅನ್ನಿಸ್ತಿದೆ,” ಎಂದರು ಮೇಷ್ಟ್ರು.

“ಮಾತಾಡ್ತೀನಿ ಮೇಲಿನವರ ಹತ್ರ. ಹಾಂ, ಇನ್ನೊಂದು. ನಿಮ್ಮ ಶಿಷ್ಯೆ ಒಬ್ಬಳಿದಾಳಲ್ಲ, ಅವಳಿಗೆ ಸ್ವಲ್ಪ ಕಿವಿ ಹಿಂಡಿ.”

“ಯಾರು?”

ಮೇಡಂ ಫೋನು ತೆಗೆದು ಇವರತ್ತ ತಿರುಗಿಸಿದರು. ಹುಡುಗಿಯ ಫೋಟೊ. ಅದರ ಕೆಳಗೆ, ನಿಮ್ಮಿಬ್ಬರಿಗೂ ಪರಿಚಯದವರು ಎಂದು ಒಂದೇ ಹೆಸರು, ಮೇಷ್ಟ್ರದು.

“ಮೊನ್ನೆ ಇವಳು ನನಗೊಂದು ಮೆಸೇಜ್ ಕಳಿಸಿದಾಳೆ. ನೋಡಿ. ಮೂರನೇ ಲೇತು, ಬೇರೆ ಮೆಷೀನು, ಹೆದರಿಕೆ, ಎಲ್ಲ ನಿಮ್ಮ ಮಾತೇ! ಒಂದಕ್ಷರ ಬದಲಿಸಿಲ್ಲ. ಅದರ ಕೆಳಗೆ ನಿಮ್ಮ ಹೆಸರು ಹೇಳಿ, ಸರ್ ನನಗೆ ಬಿಡುವು ಮಾಡಿಕೊಂಡು ದಾರಿ ತೋರಿಸಿದ್ರು ಅಂತ ಬೇರೆ ಬರೆದಿದಾಳೆ. ದಾರಿ ತೋರಿಸಿದವರದ್ದೇ ಕದಿಯೋದಾ? ನೀವು ಪಾಪ ಒಳ್ಳೆ ಮನಸ್ಸಿಂದ ನಿಮ್ಮದನ್ನ ತೋರಿಸಿರ್ತೀರಿ.”

ಪರದೆಯ ಮೇಲೆ ಆ ಸಾಲುಗಳು ಇದ್ದವು. ಕೆಳಗೆ ತಮ್ಮ ಹೆಸರು, ಅದರ ಮುಂದೆ ‘ಸರ್’.

“ಅವಳಿಗೆ ಉತ್ತರ ಕೊಟ್ರಾ?” ಎಂದು ಹೇಗೋ ಕೇಳಿದರು.

“ಎಲ್ಲಿಂದ ಕೊಡ್ಲಿ? ಪರೀಕ್ಷೆ ವಿಭಾಗಕ್ಕೆ ಇಬ್ಬರು ಬೇಕಿತ್ತು ನಿಜ. ಆದ್ರೆ ನಾಲ್ಕು ಸಾಲು ಸ್ವಂತ ಬರೆಯೋಕೆ ಬಾರದೆ ಕದ್ದವಳು ನಾಳೆ ಪರೀಕ್ಷೆ ಮಾಡದೆನೇ ಪಕ್ಕದ ಕ್ರೇನಿನ ಅಳತೆ ಬರೆದು ಕೊಟ್ರೆ? ನಮ್ಮ ಕೆಲಸದಲ್ಲಿ ಅದು ಜೀವದ ಪ್ರಶ್ನೆ ಅಲ್ವಾ? ನೀವೇ ಹೇಳಿ.”

ನೀವೇ ಹೇಳಿ. ಇಡೀ ಜನ್ಮದಲ್ಲಿ ಮೇಷ್ಟ್ರು ಹುಡುಗರಿಗೆ ಹೇಳಿದ್ದೂ ಅದನ್ನೇ. ಬ್ರೇಕು ಹಿಡಿಯಲಿಲ್ಲವೆಂದರೆ ಹಿಡಿಯಲಿಲ್ಲ ಅಂತ ಬರೀರಿ, ಯಾರ ಮುಖವನ್ನೂ ನೋಡಬೇಡಿ. ಈಗ ಅವರು ಕಾಫಿ ಲೋಟದ ಅಂಚನ್ನು ನೋಡಿದರು.

“ಹೌದು. ಈಗಿನ ಹುಡುಗರು...” ಎಂದರು. ಅಷ್ಟೇ ಎಂದದ್ದು. ವಾಕ್ಯ ಮುಗಿಸುವಷ್ಟೂ ಮಾನ ಉಳಿದಿರಲಿಲ್ಲ.

ಮೇಡಂ ಬಾಗಿಲವರೆಗೆ ಬಂದು ಕೈ ಕುಲುಕಿದರು. ಮೇಷ್ಟ್ರು ಲಿಫ್ಟು ಹತ್ತದೆ ಮೆಟ್ಟಿಲು ಇಳಿದರು. ಲಿಫ್ಟಿನ ಒಳಗೆ ಮೂರು ಕಡೆಯೂ ಕನ್ನಡಿ ಇರುವುದನ್ನು ಬರುವಾಗಲೇ ನೋಡಿದ್ದರು.

ಕೆಳಗೆ ಬಂದು ಪಾರ್ಕಿಂಗಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಕೂತರು. ಕೆಲಸ ಸಿಕ್ಕಿದಂತೆಯೇ ಇತ್ತು. ಹೆಂಡತಿಗೆ ಫೋನ್ ಮಾಡಿ ಹೇಳುವುದಷ್ಟೇ ಬಾಕಿ. ಮನೆಯ ಸಂಸಾರವನ್ನು ಈಚೆಗೆ ಎಳೆಯುತ್ತಿದ್ದವಳು ಅವಳೊಬ್ಬಳೇ. ಸಂಜೆ ಕಾಲಿಗೆ ಎಣ್ಣೆ ಸವರಿಕೊಂಡು ಕೂರುತ್ತಿದ್ದಳು, ನಿಂತು ನಿಂತು ಊದಿದ ಕಾಲು. ಬಾಯಿ ಮುಚ್ಚಿಕೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹುಡುಗಿಗಂತೂ ಮೊದಲೇ ಗೊತ್ತಾಗುವುದಿಲ್ಲ. ಮೇಡಂ ಫೋಟೊ ತನ್ನ ಸಂದೇಶದ ಕೆಳಗೆ ಬಂದು ಕೂತದ್ದನ್ನು ನೋಡುತ್ತಾಳೆ, ಓದಿದ್ದಾರೆ, ಉತ್ತರವಿಲ್ಲ. ಏಕೆ ಎಂದು ಯೋಚಿಸುತ್ತಾಳೆ. ಕೊನೆಗೆ ತಪ್ಪು ನನ್ನದೇ ಎಂದುಕೊಳ್ಳುತ್ತಾಳೆ. ಹಾಗೆ ಅಂದುಕೊಳ್ಳುವುದು ಅವಳಿಗೆ ಅಭ್ಯಾಸ.

ಆ ಯೋಚನೆ ಮೇಷ್ಟ್ರನ್ನು ಕಟ್ಟೆಯಿಂದ ಎಬ್ಬಿಸಿತು. ಮತ್ತೆ ಮೆಟ್ಟಿಲ ಬುಡಕ್ಕೆ ಹೋದರು. ಮೊದಲ ಮಹಡಿಯವರೆಗೆ ಹತ್ತಿದರು, ನಿಂತರು, ಇಳಿದರು. ಎದುರು ನಿಂತು ಹೇಳಲು ಕಾಲು ಬರಲಿಲ್ಲ. ಹೇಡಿತನವೇ ಅದು, ಬೇರೆ ಹೆಸರಿಲ್ಲ. ಕಟ್ಟೆಗೆ ವಾಪಸು ಬಂದು ಫೋನು ತೆಗೆದರು.

‘ಮೇಡಂ, ಆ ಸಾಲುಗಳು ಆ ಹುಡುಗಿಯದು. ಅವಳು ನನಗೆ ಬರೆದ ಮೊದಲ ಸಂದೇಶದಿಂದ ನಾನು ಕದ್ದು ನಿಮಗೆ ಕಳಿಸಿದೆ. ನಾನು ಆ ಲೇತನ್ನು ಮುಟ್ಟಿದವನಲ್ಲ. ನಾನು ಈಗ ಲಿಫ್ಟ್ ಕಂಪನಿಯಲ್ಲೂ ಇಲ್ಲ, ತೆಗೆದುಹಾಕಿದ್ದಾರೆ. ಅದನ್ನೂ ಮುಚ್ಚಿಟ್ಟಿದ್ದೆ. ಅವಳಿಗೆ ಉತ್ತರ ಕೊಡಿ.’ ಸಾಕ್ಷಿಗೆ ಹುಡುಗಿಯ ಮೂಲ ಸಂದೇಶದ ಚಿತ್ರವನ್ನೂ ಸೇರಿಸಿದರು, ಅದರ ಮೇಲಿನ ತಾರೀಖು ಕಾಣುವಂತೆ. ಒತ್ತಿದರು. ಮೇಡಂ ಫೋಟೊ ತಕ್ಷಣವೇ ಕೆಳಗೆ ಬಂದು ಕೂತಿತು. ಮೇಷ್ಟ್ರು ಬಹಳ ಹೊತ್ತು ಕಾದರು. ಏನೂ ಬರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅವಳು ಕಾಲೆಳೆಯಲಿಲ್ಲ. ಅವಳು ಕಾಲೆಳೆಯದೇ ಇದ್ದದ್ದಕ್ಕೇ ಅವರಿಗೆ ಹೆಚ್ಚು ಭಯವಾಯಿತು.

“ಆ ಮಗುಗೆ ಹೇಳಿದ್ರಾ?” ಎಂದಳು.

“ಇಲ್ಲ.”

“ಮೇಡಂಗೆ ಹೇಳಿದ್ದು ಅವಳ ಹೆಸರು ಉಳಿಸೋಕೆ ಆಯ್ತು. ಅವಳಿಗೆ ಹೇಳೋದು ಬಾಕಿ ಇದೆ. ಕಾಯಿಸಿದ್ದು ಅವಳನ್ನ.”

ಮೇಷ್ಟ್ರು ಊಟದ ಮೇಜಿನ ಮುಂದೆ ಕೂತು ಬರೆದರು. ನಾನು ಕಂಪನಿಯಲ್ಲಿ ಇರಲಿಲ್ಲ. ಶಿಫಾರಸು ಮಾಡಲು ನನಗೆ ದಾರಿಯೇ ಇರಲಿಲ್ಲ. ಗೆಳೆಯನಿಗೆ ಹೇಳಬಹುದಿತ್ತು, ಸ್ವಾಭಿಮಾನ ಎಂದು ಹೇಳಲಿಲ್ಲ. ನಿನ್ನ ಮಾತನ್ನು ಕದ್ದೆ, ಮೇಡಂ ಅದನ್ನು ನೀನು ಕದ್ದದ್ದು ಎಂದುಕೊಂಡರು, ಆಗಲೂ ನಾನು ಎದುರಿಗೆ ಸುಮ್ಮನಿದ್ದೆ. ಅವರಿಗೆ ಈಗ ನಿಜ ತಿಳಿಸಿದ್ದೇನೆ. ಕ್ಷಮಿಸು ಎಂದು ಬರೆದು, ಆ ಮಾತನ್ನು ಕೇಳುವ ಹಕ್ಕೂ ತನಗಿಲ್ಲ ಎನ್ನಿಸಿ ಅಳಿಸಿದರು. ಕಳಿಸಿದ ಮೇಲೆ ತಮ್ಮ ಪುಟಕ್ಕೆ ಹೋಗಿ, ಲಿಫ್ಟ್ ಕಂಪನಿಯ ಮುಂದಿನ ‘ಇಂದಿನವರೆಗೆ’ ತೆಗೆದು, ಕೆಲಸ ಹೋದ ತಿಂಗಳನ್ನು ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಹುಡುಗಿಯ ಉತ್ತರ ಬರುವ ಹೊತ್ತಿಗೆ ಮೇಷ್ಟ್ರು ಆಸೆ ಬಿಟ್ಟಿದ್ದರು.

‘ಸರ್, ಮೇಡಂ ಇವತ್ತು ಮಾತಾಡಿದರು. ನಾಳೆ ಬರಲು ಹೇಳಿದ್ದಾರೆ. ನಿಜ ಹೇಳಿದ್ದಕ್ಕೆ ಧನ್ಯವಾದ. ಆ ಸಾಲುಗಳ ಬಗ್ಗೆ ನನಗೆ ಅಷ್ಟು ಬೇಜಾರಿಲ್ಲ. ಆದರೆ ಲಿಂಕ್ ಬರುತ್ತದೆ ಎಂದು ಕಾಯುತ್ತಿದ್ದಾಗ ನಮ್ಮ ಅಮ್ಮ ದಿನಾ ಕೇಳುತ್ತಿದ್ದರು. ನಮಗೂ ಒಬ್ಬರು ಒಳ್ಳೆಯವರು ಸಿಕ್ಕಿದ್ದಾರಮ್ಮ, ಅವರಾಗಿಯೇ ಮಾಡಿಕೊಡುತ್ತೇನೆ ಅಂದಿದ್ದಾರೆ ಎಂದು ಹೇಳುತ್ತಿದ್ದೆ. ಅಮ್ಮ ನಿಮ್ಮ ಹೆಸರು ಕೇಳಿ ತಿಳಿದುಕೊಂಡು, ದೇವರಿಗೆ ದೀಪ ಹಚ್ಚುವಾಗ ಆ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದರು. ಇವತ್ತೂ ಸೇರಿಸಿಕೊಂಡರು. ಬೇಡ ಎಂದು ಹೇಗೆ ಹೇಳಲಿ ಎಂದು ನನಗೆ ಗೊತ್ತಾಗುತ್ತಿಲ್ಲ.’

ಮೇಷ್ಟ್ರು ಓದಿದರು. ಹೆಂಡತಿಗೆ ತೋರಿಸಲು ಫೋನು ಚಾಚಿದರು, ಅವಳು ಓದಿ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದಳು. ಅವರಿಗೆ ಏನಾದರೂ ಉತ್ತರ ಬರೆಯಬೇಕು ಅನ್ನಿಸಿತು, ಬರೆಯಲು ಅವಳ ಹೆಸರನ್ನು ಒತ್ತಿದರು. ಅವಳ ಪುಟ ತೆರೆಯಿತು. ಹೆಸರಿನ ಪಕ್ಕದಲ್ಲಿ ಮೊದಲು ಇದ್ದ, ನೇರ ಪರಿಚಯ ಎಂದು ಸೂಚಿಸುವ ಒಂದು ಎಂಬ ಅಂಕಿ ಎರಡಾಗಿತ್ತು. ಹುಡುಗಿ ಅವರನ್ನು ತನ್ನ ಸಂಪರ್ಕದಿಂದ ತೆಗೆದುಹಾಕಿದ್ದಳು. ಕೆಳಗೆ, ನಿಮ್ಮಿಬ್ಬರಿಗೂ ಪರಿಚಯದವರು ಎಂದು ಒಂದೇ ಹೆಸರಿತ್ತು, ಕ್ರೇನ್ ಮೇಡಂದು. ಅದರ ಪಕ್ಕ ನೀಲಿ ಗುಂಡಿ, ಸಂಪರ್ಕಿಸಿ ಎಂದು.

ಹೆಬ್ಬೆರಳು ಅದರ ಮೇಲೆ ಒಂದು ಗಳಿಗೆ ನಿಂತಿತು. ಒತ್ತಿದರೆ ಟಿಪ್ಪಣಿ ಸೇರಿಸುತ್ತೀರಾ ಎಂದು ಕೇಳುತ್ತದೆ, ಅದು ಅವರಿಗೆ ಗೊತ್ತಿತ್ತು. ಏನೆಂದು ಸೇರಿಸುವುದು? ಮೇಷ್ಟ್ರು ಬೆರಳು ತೆಗೆದು, ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಎಲ್ಲೋ ಒಂದು ಮನೆಯಲ್ಲಿ ಇವತ್ತೂ ದೀಪದ ಮುಂದೆ ತಮ್ಮ ಹೆಸರು ಬಂದಿದೆ ಎಂದು ನೆನೆದು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು.